ಸಂಖ್ಯೆಯ ಹಾರ

ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವು ಒಂದು ಕಾಲದಲ್ಲಿ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 9ನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಹೆಸರು 'ಕವಿರಾಜಮಾರ್ಗ'ದ ಮೂಲಕ ಕನ್ನಡಿಗರಿಗೆಲ್ಲ ಪರಿಚಿತವಾದುದು. ಅದೇ ದೊರೆಯನ್ನು ಗ್ರಂಥದ ಆರಂಭದಲ್ಲಿ ಸ್ತುತಿಸಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು 'ಗಣಿತಸಾರಸಂಗ್ರಹ'ವೆಂಬ ಗ್ರಂಥವನ್ನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದನು. ಅದರಲ್ಲಿ ಗುಣಾಕಾರವನ್ನು ಹೇಳಿಕೊಡುವ ಭಾಗದಲ್ಲಿ ಕೆಲವು ವಿನೋದದ ಲೆಕ್ಕಗಳಿವೆ. ಕೊಟ್ಟ ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವ ಉತ್ತರವು, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುತ್ತದೆ. ಕೊರಳ ಹಾರದ ಮಣಿಗಳು ಎರಡು ಕಡೆಯಿಂದಲೂ ಒಂದೇ ಕ್ರಮದಲ್ಲಿರುವಂತೆ ಆ ಅಂಕಿಗಳು ಕಾಣುವುದರಿಂದ, ಆಚಾರ್ಯನು ಅಂತಹ ಸಂಖ್ಯೆಗಳನ್ನು ಹಾರಕ್ಕೆ ಹೋಲಿಸಿದ್ದಾನೆ. ಅವುಗಳಲ್ಲಿ ಒಂದು ಇದು:

27994681 × 441 = 12345654321

ಕಾಗದದ ಮೇಲೆ ಗುಣಿಸಿ ನೋಡಿದವರಿಗೆ ಉತ್ತರ ಸರಿಯೆಂಬುದು ತಿಳಿಯುತ್ತದೆ. ಆದರೆ ಅದು ಏಕೆ ಹೀಗೆ ಬಂದಿತೆಂಬುದು ತಿಳಿಯುವುದಿಲ್ಲ. 27994681 ಎಂಬ ಸಂಖ್ಯೆಯಲ್ಲಿ ಯಾವ ಚೆಲುವೂ ಇಲ್ಲ. ಸಂತೆಯ ಲೆಕ್ಕದ ಚೀಟಿಯಲ್ಲಿ ಕಂಡರೆ ಯಾರೂ ಎರಡನೆಯ ಬಾರಿ ನೋಡಲಾರರು. ಇಂತಹ ಸಂಖ್ಯೆಯು 441ರೊಡನೆ ಸೇರಿದ ಕ್ಷಣದಲ್ಲಿ ಹಾರವಾಗುವುದೆಂದರೆ, ಅದರ ಒಳಗೆ ಏನೋ ಅಡಗಿರಬೇಕು. ಅದನ್ನು ಕಾಣಬೇಕಾದರೆ ಸಂಖ್ಯೆಯನ್ನು ಬಿಡಿಸಬೇಕು. ಬಿಡಿಸುವ ಕೆಲಸಕ್ಕೆ ಎರಡು ಉಪಕರಣಗಳು ಬೇಕು: ಎಲ್ಲಿ ಸೀಳಬಹುದೆಂದು ತೋರಿಸುವ ಭಾಜ್ಯತೆಯ ನಿಯಮಗಳು, ಸೀಳಿದ ಭಾಗಗಳನ್ನು ಕ್ರಮವಾಗಿ ಇರಿಸುವ ಅಪವರ್ತನ ವೃಕ್ಷ.

2, 5, 10 ಇವುಗಳಿಂದ ಭಾಗವಾಗುವ ಸಂಖ್ಯೆಯನ್ನು ಬಿಡಿ ಸ್ಥಾನದ ಅಂಕಿಯಿಂದಲೇ ಗುರುತಿಸಬಹುದೆಂಬುದು ಕೆಳಗಿನ ತರಗತಿಗಳಲ್ಲಿಯೇ ಕಲಿತ ವಿಷಯ. ಅಂಕಿಗಳ ಮೊತ್ತವು 9ರಿಂದ ಭಾಗವಾದರೆ ಸಂಖ್ಯೆಯೂ 9ರಿಂದ ಭಾಗವಾಗುತ್ತದೆಂಬ ನಿಯಮವನ್ನೂ ಎಲ್ಲರೂ ಬಲ್ಲರು. ಆದರೆ ಅದರ ಕಾರಣವನ್ನು ಕೇಳಿದರೆ ಉತ್ತರಿಸುವವರು ಕಡಿಮೆ. ಕಾರಣವನ್ನು ತಿಳಿಯದೆ ನಿಯಮವನ್ನು ಬಳಸಿದವನು ಅದು ಸಲ್ಲದ ಕಡೆಯಲ್ಲಿಯೂ ಬಳಸಿ ಮೋಸಹೋಗುತ್ತಾನೆ.

ಅಂಗಳದಲ್ಲಿ 4527 ಅಡಿಕೆಗಳ ರಾಶಿ ಇದೆಯೆಂದು ಭಾವಿಸೋಣ. ಅವನ್ನು ಒಂಬತ್ತು ಮಂದಿಗೆ ಸಮವಾಗಿ ಹಂಚಬೇಕು. ರಾಶಿಯಲ್ಲಿ ನಾಲ್ಕು ಸಾವಿರಗಳಿವೆ. ಪ್ರತಿಯೊಂದು ಸಾವಿರದಿಂದಲೂ 999 ಅಡಿಕೆಗಳನ್ನು ತೆಗೆದು ಒಂಬತ್ತು ಮಂದಿಗೆ ಹಂಚಿದರೆ ಒಂದು ಅಡಿಕೆ ಉಳಿಯುತ್ತದೆ. ನಾಲ್ಕು ಸಾವಿರಗಳಿಂದ ನಾಲ್ಕು ಉಳಿಯುತ್ತವೆ. ಐದು ನೂರುಗಳಲ್ಲಿ ಪ್ರತಿಯೊಂದರಿಂದಲೂ 99ನ್ನು ಹಂಚಿದರೆ ಐದು ಉಳಿಯುತ್ತವೆ. ಎರಡು ಹತ್ತುಗಳಿಂದ ಎರಡು ಉಳಿಯುತ್ತವೆ. ಬಿಡಿಯಾಗಿದ್ದ ಏಳು ಹಾಗೆಯೇ ಇವೆ. ಹೀಗೆ ಉಳಿದವು 4 + 5 + 2 + 7, ಅಂದರೆ 18. ಇವುಗಳನ್ನೂ ಒಂಬತ್ತು ಮಂದಿಗೆ ಹಂಚಬಹುದು. ಅಂಕಿಗಳ ಮೊತ್ತವೆಂದರೆ ಹಂಚಿ ಉಳಿದ ಅಡಿಕೆಗಳ ಲೆಕ್ಕವಲ್ಲದೆ ಬೇರೆಯಲ್ಲ. 999, 99, 9 ಇವೆಲ್ಲ 3ರಿಂದಲೂ ಭಾಗವಾಗುವುದರಿಂದ ಇದೇ ನಿಯಮವು 3ಕ್ಕೂ ಸಲ್ಲುತ್ತದೆ. ಆದರೆ 27ಕ್ಕೆ ಸಲ್ಲುವುದಿಲ್ಲ. 1899ರ ಅಂಕಿಗಳ ಮೊತ್ತ 27. ಆದರೂ ಅದನ್ನು 27ರಿಂದ ಭಾಗಿಸಿದರೆ 9 ಶೇಷ ಉಳಿಯುತ್ತದೆ. ಹತ್ತರಿಂದ ಒಂದನ್ನು ಕಳೆದರೆ ದೊರೆಯುವ 9 ಆಗಲಿ, ನೂರರಿಂದ ಒಂದನ್ನು ಕಳೆದರೆ ದೊರೆಯುವ 99 ಆಗಲಿ 27ರ ಗುಣಕಗಳಲ್ಲ. ಆದುದರಿಂದ ಅಡಿಕೆ ಹಂಚುವ ಉಪಾಯವು ಅಲ್ಲಿ ನಡೆಯದು.

ಇದೇ ಉಪಾಯವನ್ನು ಸ್ವಲ್ಪ ಬದಲಿಸಿದರೆ ಇನ್ನೊಂದು ನಿಯಮವು ದೊರೆಯುತ್ತದೆ. ಈ ಪಾಠದ ಕೀಲಿಕೈ ಅದೇ. 1001 ಎಂಬ ಸಂಖ್ಯೆಯು 7, 11, 13 ಈ ಮೂರರ ಗುಣಲಬ್ಧ. ಸಾವಿರವು ಅದಕ್ಕಿಂತ ಒಂದು ಕಡಿಮೆ. ಎಂದರೆ ಪ್ರತಿಯೊಂದು ಸಾವಿರವನ್ನೂ 1001 ಮಾಡಬೇಕಾದರೆ ಒಂದನ್ನು ಸಾಲ ತರಬೇಕು. ಆದುದರಿಂದ ಒಂದು ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪುಗಳಾಗಿ ಕತ್ತರಿಸಿ, ಮೊದಲನೆಯ ಗುಂಪಿನಿಂದ ಎರಡನೆಯದನ್ನು ಕಳೆದು, ಮೂರನೆಯದನ್ನು ಕೂಡಿ, ನಾಲ್ಕನೆಯದನ್ನು ಕಳೆದು, ಹೀಗೆಯೇ ಸಾಗಬೇಕು. ಕೊನೆಯಲ್ಲಿ ದೊರೆತ ಸಣ್ಣ ಸಂಖ್ಯೆಯು 7ರಿಂದ ಭಾಗವಾದರೆ ಮೂಲ ಸಂಖ್ಯೆಯೂ 7ರಿಂದ ಭಾಗವಾಗುತ್ತದೆ. 11ಕ್ಕೂ 13ಕ್ಕೂ ಇದೇ ಮಾತು. ಕಳೆಯುವಾಗ ಋಣ ಸಂಖ್ಯೆ ಬಂದರೆ ಅಂಜಬೇಕಾಗಿಲ್ಲ. ಚಿಹ್ನೆಯನ್ನು ಬಿಟ್ಟು ಪರೀಕ್ಷಿಸಿದರಾಯಿತು. ಮೂರು ಅವಿಭಾಜ್ಯ ಸಂಖ್ಯೆಗಳನ್ನು ಒಂದೇ ಕಳೆಯುವಿಕೆಯಿಂದ ಪರೀಕ್ಷಿಸುವ ಈ ನಿಯಮವು ಶಾಲೆಗಳಲ್ಲಿ ಇನ್ನಷ್ಟು ಬಳಕೆಯಾಗಬೇಕಾದುದು.

ಇನ್ನು ವೃಕ್ಷದ ಮಾತು. ಕೊಟ್ಟ ಸಂಖ್ಯೆಯನ್ನು ಮೇಲೆ ಬರೆದು, ಅದನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಸೀಳಿ, ಎರಡು ಕೊಂಬೆಗಳ ತುದಿಯಲ್ಲಿ ಇರಿಸುತ್ತೇವೆ. ಪ್ರತಿಯೊಂದು ತುದಿಯನ್ನೂ ಮತ್ತೆ ಸೀಳುತ್ತೇವೆ. ಇನ್ನು ಸೀಳಲಾಗದ ಅವಿಭಾಜ್ಯ ಸಂಖ್ಯೆ ಬಂದಲ್ಲಿ ಆ ಕೊಂಬೆ ನಿಲ್ಲುತ್ತದೆ. ಆ ತುದಿಯೇ ಎಲೆ. ಬೇರು ಮೇಲೆ, ಎಲೆ ಕೆಳಗೆ ಇರುವ ಈ ಮರವು ತಲೆಕೆಳಗಾದ ಮರವೇ ಸರಿ. ಎಲೆಯನ್ನು ಮತ್ತೆ 1 ಮತ್ತು ಅದೇ ಸಂಖ್ಯೆ ಎಂದು ಸೀಳಹೊರಟರೆ ಮರಕ್ಕೆ ಕೊನೆಯೇ ಇರುವುದಿಲ್ಲ. ಇದಕ್ಕಾಗಿಯೇ 1ನ್ನು ಅವಿಭಾಜ್ಯಗಳ ಪಂಕ್ತಿಯಲ್ಲಿ ಕೂರಿಸಿಲ್ಲ.

360ನ್ನು ಒಬ್ಬ ವಿದ್ಯಾರ್ಥಿ 36 × 10 ಎಂದು ಸೀಳಬಹುದು, ಮತ್ತೊಬ್ಬ 8 × 45 ಎಂದು ಸೀಳಬಹುದು. ಇಬ್ಬರ ಮರಗಳ ಆಕಾರವೂ ಬೇರೆ. ಆದರೆ ಎಲೆಗಳನ್ನು ಉದುರಿಸಿ ಎಣಿಸಿದರೆ ಇಬ್ಬರ ಕೈಯಲ್ಲಿಯೂ ಮೂರು ಎರಡುಗಳು, ಎರಡು ಮೂರುಗಳು, ಒಂದು ಐದು ಇರುತ್ತವೆ. ಇದು ಯಾವ ಸಂಖ್ಯೆಗಾದರೂ ತಪ್ಪದು. ಕಣ್ಣಿಗೆ ಇಷ್ಟು ಸಹಜವಾಗಿ ತೋರುವ ಈ ಮಾತಿಗೂ ಸಾಧನೆ ಬೇಕೆಂದು ಮನಗಂಡು, ಜರ್ಮನಿಯ ಗೌಸ್ 1801ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದನ್ನು ಸಾಧಿಸಿ ತೋರಿಸಿದನು.

ಎಲೆಗಳು ಬದಲಾಗುವುದಿಲ್ಲವೆಂಬುದು ನಿಜ. ಆದರೆ ಎಲೆಯಲ್ಲದುದನ್ನು ಎಲೆಯೆಂದು ತಿಳಿದು ನಿಲ್ಲುವುದು ವಿದ್ಯಾರ್ಥಿಗಳು ಮೇಲಿಂದ ಮೇಲೆ ಮಾಡುವ ತಪ್ಪು. 546ರ ಮರವನ್ನು ಬರೆಯುವಾಗ 6 × 91 ಎಂದು ಸೀಳಿ, 6ನ್ನು 2 ಮತ್ತು 3 ಎಂದು ಬಿಡಿಸಿ, 91ರ ಬಳಿ ಲೇಖನಿಯನ್ನು ಕೆಳಗಿಡುವವರು ಪ್ರತಿಯೊಂದು ತರಗತಿಯಲ್ಲಿಯೂ ಇರುತ್ತಾರೆ. 91 ಸಮಸಂಖ್ಯೆಯಲ್ಲ, ಅಂಕಿಗಳ ಮೊತ್ತ 10 ಆದುದರಿಂದ 3ರಿಂದ ಭಾಗವಾಗುವುದಿಲ್ಲ, 5ರಿಂದಲೂ ಇಲ್ಲ. ಮಗ್ಗಿಯಲ್ಲಿ ಅದು ಥಟ್ಟನೆ ನೆನಪಿಗೆ ಬರುವುದೂ ಇಲ್ಲ. ಆದರೂ ಅದು 7 × 13. ಈ ತಪ್ಪಿನ ಫಲವು ಅಲ್ಲಿಗೇ ನಿಲ್ಲುವುದಿಲ್ಲ. 65 ಮತ್ತು 91ರ ಮ.ಸಾ.ಅ. ಕೇಳಿದಾಗ, 91ನ್ನು ಅವಿಭಾಜ್ಯವೆಂದು ನಂಬಿದವನು 1 ಎಂದು ಬರೆಯುತ್ತಾನೆ. ನಿಜವಾದ ಉತ್ತರ 13. ಮುಂದೆ 65/91 ಎಂಬ ಭಿನ್ನರಾಶಿಯನ್ನು 5/7 ಎಂದು ಸಂಕ್ಷೇಪಿಸುವ ದಾರಿಯೂ ಅವನಿಗೆ ಮುಚ್ಚಿಹೋಗುತ್ತದೆ.

ಹಾಗಾದರೆ ಎಲ್ಲಿ ನಿಲ್ಲಬೇಕು? ಇದಕ್ಕೆ ಖಚಿತವಾದ ಅಳತೆಯೊಂದಿದೆ. ಒಂದು ಸಂಖ್ಯೆಯನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಸೀಳಿದಾಗ ಎರಡೂ ಅದರ ವರ್ಗಮೂಲಕ್ಕಿಂತ ದೊಡ್ಡವಾಗಿರಲಾರವು. ಹಾಗಿದ್ದರೆ ಗುಣಲಬ್ಧವು ಸಂಖ್ಯೆಯನ್ನೇ ಮೀರಿಹೋಗುತ್ತಿತ್ತು. ಆದುದರಿಂದ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಆದರೆ ಅಲ್ಲಿಯವರೆಗೆ ನೋಡಲೇಬೇಕು. 91ರ ವರ್ಗಮೂಲವು ಹತ್ತರೊಳಗಿದೆ. ಪರೀಕ್ಷಿಸಬೇಕಾದವು 2, 3, 5, 7 ಎಂಬ ನಾಲ್ಕೇ. ಮೇಲಿನ ವಿದ್ಯಾರ್ಥಿ ಮೂರನ್ನು ಪರೀಕ್ಷಿಸಿ ನಾಲ್ಕನೆಯದನ್ನು ಬಿಟ್ಟನು. 97ಕ್ಕೆ ಇದೇ ನಾಲ್ಕನ್ನು ಪರೀಕ್ಷಿಸಿದರೆ ಯಾವುದೂ ಭಾಗಿಸುವುದಿಲ್ಲ; ಅದು ನಿಜವಾದ ಎಲೆ.

ಈಗ ಮಹಾವೀರಾಚಾರ್ಯನ ಸಂಖ್ಯೆಗೆ ಮರಳಬಹುದು. 27994681 ಬೆಸಸಂಖ್ಯೆ. ಅಂಕಿಗಳ ಮೊತ್ತ 46. ಆದುದರಿಂದ 3 ಭಾಗಿಸದು. ಕೊನೆಯ ಅಂಕಿ 1 ಆದುದರಿಂದ 5 ಭಾಗಿಸದು. ಇನ್ನು ಮೂರು ಮೂರು ಅಂಕಿಗಳ ನಿಯಮವನ್ನು ಹಚ್ಚಬೇಕು. ಗುಂಪುಗಳು 27, 994, 681. ಬಲದಿಂದ ಲೆಕ್ಕ ಹಾಕಿದರೆ,

681 − 994 + 27 = −286

ಎಂದು ಬರುತ್ತದೆ. 286 ಎಂದರೆ 2 × 11 × 13. ಅದು 7ರಿಂದ ಭಾಗವಾಗುವುದಿಲ್ಲ, 11 ಮತ್ತು 13ರಿಂದ ಭಾಗವಾಗುತ್ತದೆ. ಆದುದರಿಂದ ಮೂಲ ಸಂಖ್ಯೆಗೂ 7 ಇಲ್ಲ, 11 ಮತ್ತು 13 ಇವೆ. ಇಲ್ಲಿ 286ರಲ್ಲಿ 2 ಕಂಡಿತೆಂದು ಮೂಲ ಸಂಖ್ಯೆಯೂ 2ರಿಂದ ಭಾಗವಾದೀತೆಂದು ತಿಳಿಯಬಾರದು. ಈ ನಿಯಮವು ಸಾಕ್ಷಿ ಹೇಳುವುದು 1001ರ ಎಲೆಗಳಾದ 7, 11, 13ರ ವಿಷಯದಲ್ಲಿ ಮಾತ್ರ.

11 ಮತ್ತು 13ರ ಗುಣಲಬ್ಧ 143. ಮೂಲ ಸಂಖ್ಯೆಯನ್ನು ಅದರಿಂದ ಭಾಗಿಸಿದರೆ 195767 ದೊರೆಯುತ್ತದೆ. ಹೀಗೆ ಮರದ ಮೊದಲ ಎರಡು ಕೊಂಬೆಗಳು 143 ಮತ್ತು 195767. ಇವುಗಳಲ್ಲಿ 143 ಕೂಡಲೇ 11, 13 ಎಂಬ ಎರಡು ಎಲೆಗಳಾಗಿ ಒಡೆಯುತ್ತದೆ. 195767ಕ್ಕೆ ಮತ್ತೆ ಅದೇ ನಿಯಮ: 767ರಿಂದ 195ನ್ನು ಕಳೆದರೆ 572. ಇದು 286ರ ಇಮ್ಮಡಿ! ಅಂದರೆ 11 ಮತ್ತು 13 ಇನ್ನೊಮ್ಮೆ ಅಡಗಿವೆ. ಒಮ್ಮೆ ದೊರೆತ ಅಪವರ್ತನವನ್ನು ಮತ್ತೆ ಹುಡುಕದೆ ಮುಂದೆ ಹೋಗುವವರು ಇಲ್ಲಿ ಎಡವುತ್ತಾರೆ. 195767ನ್ನು 143ರಿಂದ ಭಾಗಿಸಿದರೆ 1369.

1369ರ ಬಳಿ ಧೈರ್ಯಗೆಡುವ ಸಂಭವವಿದೆ. ಅದಕ್ಕೆ 2, 3, 5 ಇಲ್ಲ. 369ರಿಂದ 1ನ್ನು ಕಳೆದರೆ 368. ಅದರಲ್ಲಿ 7, 11, 13 ಯಾವುದೂ ಇಲ್ಲ. 17ರಿಂದ ಭಾಗಿಸಿದರೆ 9 ಉಳಿಯುತ್ತದೆ, 19ರಿಂದ 1, 23ರಿಂದ 12, 29ರಿಂದ 6, 31ರಿಂದ 5. ಹನ್ನೊಂದು ಅವಿಭಾಜ್ಯಗಳು ಬರಿಗೈಯಲ್ಲಿ ಮರಳಿದ ಮೇಲೆ ಇದು ಎಲೆಯೇ ಇರಬೇಕೆಂದು ಯಾರಿಗಾದರೂ ಅನ್ನಿಸೀತು. ಆದರೆ ಅಳತೆ ಇನ್ನೂ ಮುಗಿದಿಲ್ಲ. ಮುಂದಿನ ಅವಿಭಾಜ್ಯ 37; 37 × 37 = 1369. ವರ್ಗಮೂಲದ ಗಡಿಯ ಮೇಲೆಯೇ ಅದು ನಿಂತಿತ್ತು! 'ವರ್ಗಮೂಲದವರೆಗೆ' ಎಂಬ ಮಾತಿನಲ್ಲಿ ವರ್ಗಮೂಲವೂ ಸೇರಿದೆಯೆಂಬುದನ್ನು ಮರೆತವನು ಕೊನೆಯ ಹೆಜ್ಜೆಯಲ್ಲಿ ಸೋಲುತ್ತಿದ್ದನು. ಈಗ ಎಲ್ಲ ಎಲೆಗಳೂ ಕೈಗೆ ಬಂದವು:

27994681 = 11 × 11 × 13 × 13 × 37 × 37

ಚೆಲುವಿಲ್ಲದ ಸಂಖ್ಯೆಯ ಒಳಗೆ ಎಲೆಗಳು ಜೋಡಿ ಜೋಡಿಯಾಗಿ ಇದ್ದವು. 441ನ್ನು ಬಿಡಿಸುವುದು ಕಷ್ಟವಲ್ಲ. ಅದು 21 × 21. ಎಂದರೆ 3, 3, 7, 7. ಅಲ್ಲಿಯೂ ಜೋಡಿಗಳೇ. ಎರಡು ಸಂಖ್ಯೆಗಳನ್ನು ಗುಣಿಸುವುದೆಂದರೆ ಅವುಗಳ ಎಲೆಗಳನ್ನು ಒಂದೇ ಬುಟ್ಟಿಗೆ ಸುರಿಯುವುದು. ಸುರಿದು, ಪ್ರತಿಯೊಂದು ಜೋಡಿಯಿಂದಲೂ ಒಂದೊಂದನ್ನು ಆರಿಸಿ ಬೇರೆಯಿಡೋಣ. 3, 7, 11, 13, 37 ದೊರೆಯುತ್ತವೆ. ಇವುಗಳಲ್ಲಿ 3ನ್ನು 37ರೊಡನೆ ಸೇರಿಸಿದರೆ 111. ಉಳಿದ 7, 11, 13 ಸೇರಿದರೆ ಹಳೆಯ ಗೆಳೆಯನಾದ 1001. ಈ ಎರಡನ್ನು ಗುಣಿಸಿದರೆ 111111, ಆರು ಒಂದುಗಳ ಸಾಲು. ಬುಟ್ಟಿಯಲ್ಲಿ ಉಳಿದ ಎಲೆಗಳೂ ಅವೇ ಆದುದರಿಂದ ಅಲ್ಲಿಯೂ 111111. ಹೀಗೆ ಹಾರವೆಂಬುದು 111111 × 111111ರ ಇನ್ನೊಂದು ರೂಪ.

ಒಂದುಗಳ ಸಾಲನ್ನು ಅದರಿಂದಲೇ ಗುಣಿಸಿದರೆ ಹಾರ ಬರುವುದಕ್ಕೆ ಕಾರಣವು ಸ್ಪಷ್ಟವಾಗಿದೆ. 11 × 11 = 121, 111 × 111 = 12321. ಗುಣಾಕಾರದಲ್ಲಿ ಒಂದುಗಳ ಸಾಲನ್ನು ಒಂದೊಂದು ಸ್ಥಾನ ಸರಿಸಿ ಒಂದರ ಕೆಳಗೊಂದು ಬರೆಯುತ್ತೇವೆ. ಅಂಚಿನ ಸ್ಥಾನದಲ್ಲಿ ಒಂದೇ 1 ಬೀಳುತ್ತದೆ, ಅದರ ಪಕ್ಕದಲ್ಲಿ ಎರಡು, ಹೀಗೆ ನಡುವಿನ ಸ್ಥಾನದಲ್ಲಿ ಆರು. ನಡುವಿನಿಂದ ಆಚೆಗೆ ಅದೇ ರೀತಿ ಇಳಿಯುತ್ತದೆ. ಒಂಬತ್ತು ಒಂದುಗಳವರೆಗೂ ಇದು ಕೆಡುವುದಿಲ್ಲ. ಹತ್ತನೆಯ ಒಂದು ಸೇರಿದೊಡನೆ ನಡುವಿನ ಸ್ಥಾನದಲ್ಲಿ 10 ಬಂದು, ದಶಕವು ಪಕ್ಕದ ಸ್ಥಾನಕ್ಕೆ ಏರಿ, ಹಾರದ ಕ್ರಮವು ಚದುರುತ್ತದೆ.

ಆಚಾರ್ಯನು ಹೀಗೆ ಮರವನ್ನು ಬರೆದೇ ಈ ಲೆಕ್ಕವನ್ನು ಕಟ್ಟಿದನೆಂದು ಹೇಳಲಾಗದು. ವೃಕ್ಷದ ಚಿತ್ರವು ಇಂದಿನ ತರಗತಿಯ ಸಾಧನ. ಆದರೆ ಎಲೆಗಳನ್ನು ಒಮ್ಮೆ ಕಂಡವರು ಅವನ ಲೆಕ್ಕದಂತಹ ಬೇರೆ ಲೆಕ್ಕಗಳನ್ನು ತಾವೇ ಕಟ್ಟಬಹುದು. ಐದು ಜೋಡಿಗಳಲ್ಲಿ 3 ಮತ್ತು 7ರ ಬದಲು 3 ಮತ್ತು 11ರ ಜೋಡಿಗಳನ್ನು ಒಂದು ಕಡೆಗಿಟ್ಟರೆ 33 × 33 = 1089 ಆಗುತ್ತದೆ. ಉಳಿದ 7, 13, 37ರ ಜೋಡಿಗಳಿಂದ 3367 × 3367, ಅಂದರೆ 11336689. ಇವೆರಡನ್ನು ಗುಣಿಸಿದರೂ ಅದೇ ಹಾರ. 7 ಮತ್ತು 13ನ್ನು ಒಂದು ಕಡೆಗಿಟ್ಟವರಿಗೆ ಯಾವ ಎರಡು ಸಂಖ್ಯೆಗಳು ದೊರೆಯುತ್ತವೆಂಬುದನ್ನು ವಿದ್ಯಾರ್ಥಿಗಳು ಬರೆದು ನೋಡಬಹುದು.

ಅದೇ ಗ್ರಂಥದಲ್ಲಿ ಇನ್ನೊಂದು ಹಾರವಿದೆ: 152207 × 73 = 11111111. ಇದನ್ನು ಉತ್ತರದ ಕಡೆಯಿಂದ ಬಿಡಿಸುವುದು ಸುಲಭ. ಎಂಟು ಒಂದುಗಳನ್ನು ನಾಲ್ಕು ನಾಲ್ಕಾಗಿ ನೋಡಿದರೆ 1111 × 10001 ಎಂಬ ಮೊದಲ ಕೊಂಬೆಗಳು ಕಾಣುತ್ತವೆ. ಇವುಗಳಲ್ಲಿ 1111 ಎಂದರೆ 11 × 101. ಆದರೆ 10001 ಬಹು ಗಟ್ಟಿಯಾದ ಕಾಯಿ. ಅದರ ವರ್ಗಮೂಲವು ನೂರಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಆದುದರಿಂದ ನೂರರೊಳಗಿನ ಅವಿಭಾಜ್ಯಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. 2ರಿಂದ 71ರವರೆಗೆ ಇಪ್ಪತ್ತು ಅವಿಭಾಜ್ಯಗಳಿವೆ. ಇಪ್ಪತ್ತೂ ಶೇಷವನ್ನು ಉಳಿಸುತ್ತವೆ. ಇಪ್ಪತ್ತೊಂದನೆಯದಾದ 73 ಸರಿಯಾಗಿ ಭಾಗಿಸಿ 137ನ್ನು ಕೊಡುತ್ತದೆ. ಗುಣಕವಾಗಿ ಆಚಾರ್ಯನು ಕೊಟ್ಟ 73 ಇದೇ. ಉಳಿದ 11, 101, 137 ಸೇರಿದರೆ 152207.

ಐದು ಅಂಕಿಗಳ ಸಂಖ್ಯೆಗೇ ಇಪ್ಪತ್ತು ವ್ಯರ್ಥ ಪ್ರಯತ್ನಗಳು ಬೇಕಾದವು. ಅಂಕಿಗಳು ಹೆಚ್ಚಿದಂತೆ ಈ ಶ್ರಮವು ಎಷ್ಟು ವೇಗವಾಗಿ ಬೆಳೆಯುವುದೆಂದರೆ, ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಉತ್ತರವನ್ನು ಮಾತ್ರ ಎಲ್ಲರಿಗೂ ತೋರಿಸಿದರೆ, ಎಲೆಗಳನ್ನು ಗುಟ್ಟಾಗಿ ಇಡಬಹುದು. ಇಂತಹ ಗುಟ್ಟಿನ ಆಧಾರದ ಮೇಲೆ ಸಂದೇಶಗಳನ್ನು ಮರೆಮಾಡುವ ವಿಧಾನವೊಂದನ್ನು ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅಮೆರಿಕದಲ್ಲಿ ರೂಪಿಸಿದರು. 1977ರಲ್ಲಿ 129 ಅಂಕಿಗಳ ಸಂಖ್ಯೆಯೊಂದು ಪತ್ರಿಕೆಯಲ್ಲಿ ಪ್ರಕಟವಾಗಿ, ಅದನ್ನು ಬಿಡಿಸುವಂತೆ ಓದುಗರಿಗೆ ಸವಾಲು ಹಾಕಲಾಯಿತು. ಒಂದೊಂದೇ ಅವಿಭಾಜ್ಯದಿಂದ ಭಾಗಿಸುವ ಶಾಲೆಯ ವಿಧಾನವು ಅಲ್ಲಿ ಉಪಯೋಗಕ್ಕೆ ಬಾರದು. ಬೇರೆ ಉಪಾಯಗಳನ್ನು ಕಂಡುಕೊಂಡು, ಸುಮಾರು ಆರುನೂರು ಮಂದಿ ಸ್ವಯಂಸೇವಕರು ತಮ್ಮ ಗಣಕಯಂತ್ರಗಳನ್ನು ತಿಂಗಳುಗಟ್ಟಲೆ ದುಡಿಸಿದ ಮೇಲೆ 1994ರಲ್ಲಿ ಆ ಸಂಖ್ಯೆಯು ಒಡೆಯಿತು. ಅದರ ಮರದಲ್ಲಿದ್ದ ಎಲೆಗಳು ಎರಡೇ. ಒಂದು 64 ಅಂಕಿಗಳದು, ಇನ್ನೊಂದು 65 ಅಂಕಿಗಳದು.